ಮಗಳು ಬರೆದ ಅರ್ಜಿ

ಶಿವಮೊಗ್ಗದ ಸಹೋದರಿಯೊಬ್ಬರು ಈ ಸಲ ತಮ್ಮ ಪ್ರಶ್ನೆಯ ಜೊತೆಗೆ ಮಗಳ ಪತ್ರವನ್ನೂ ಕಳುಹಿಸಿದ್ದಾರೆ. ಮಗಳಿಗೆ ಹದಿನೈದು ವರ್ಷ, ಅವಳ ತಮ್ಮನಿಗೆ ಹತ್ತು. ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 5 ಎಂಬ ಯಂತ್ರ ಬೇಕೆಂದು ಅವಳು ಬಾಯಲ್ಲಿ ಹಟ ಹಿಡಿಯದೆ ಎರಡು ಪುಟ ಬರೆದು ಅಬ್ಬಾನ ಮೇಜಿನ ಮೇಲಿಟ್ಟಿದ್ದಾಳೆ. "ಇಷ್ಟು ಅಚ್ಚುಕಟ್ಟಾಗಿ ಕೇಳಿದವಳಿಗೆ ಬರೀ ಬೇಡ ಎನ್ನಲು ಮನಸ್ಸು ಬರುತ್ತಿಲ್ಲ, ಆದರೆ ಇದರಲ್ಲಿ ನನಗೆ ಏನೂ ತಿಳಿಯದು" ಎಂದು ತಾಯಿ ಬರೆದಿದ್ದಾರೆ.

ಪತ್ರ ಹೀಗಿದೆ. "ಅಬ್ಬಾ, ಅಮ್ಮಿ, ಅಸ್ಸಲಾಮು ಅಲೈಕುಮ್. ನೀವು ಕೋಪಿಸಿಕೊಳ್ಳದೆ ಕೊನೆಯವರೆಗೂ ಓದಬೇಕು. ಡಿಸ್ಕ್ ಹಾಕುವ ಮಾದರಿಗೆ ಅಂಗಡಿಯವರು 54,990 ರೂಪಾಯಿ ಹೇಳಿದರು. ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 44,990. ನಮಗೆ ಕಡಿಮೆಯದ್ದೇ ಸಾಕು. ತಮ್ಮನೂ ಆಡಲು ಇನ್ನೊಂದು ಕಂಟ್ರೋಲರ್ 6,000, ಕಾರ್ ರೇಸಿನ ಗ್ರಾನ್ ಟುರಿಸ್ಮೊ 7ಕ್ಕೆ 5,000. ಫುಟ್ಬಾಲ್ ಆಟದ ಎಫ್‌ಸಿ 24 ಡಿಸ್ಕನ್ನು ಮಾಮೂ ಮಗ ಕೊಡುತ್ತಾನೆ, ಅದಕ್ಕೆ ಖರ್ಚಿಲ್ಲ. ಒಟ್ಟು 55,990. ನನ್ನ ಈದಿ ಹಣ 9,500 ಇದೆ. ಉಳಿದ 46,490 ನೀವು ಕೊಡಬೇಕು. ಕಂತಿನಲ್ಲಿ ಬೇಡ, ಮುಂದಿನ ಈದ್‌ವರೆಗೆ ಕಾಯುತ್ತೇನೆ."

ಕೂಡಿಸಿ ಕಳೆದದ್ದು ಸರಿಯಾಗಿದೆ. ಆದರೆ ಸಹೋದರಿ, ಮಾಮೂ ಮಗನ ಡಿಸ್ಕಿನ ಸಾಲನ್ನು ಇನ್ನೊಮ್ಮೆ ಓದಿ. ಡಿಜಿಟಲ್ ಮಾದರಿಯಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇಲ್ಲ! ಎರವಲು ತಂದದ್ದನ್ನೂ ಹಾಕುವಂತಿಲ್ಲ, ಹಳೆಯದನ್ನು ಕಡಿಮೆ ಬೆಲೆಗೆ ಕೊಳ್ಳುವಂತೆಯೂ ಇಲ್ಲ. ಪ್ರತಿಯೊಂದು ಆಟವನ್ನೂ ಕಂಪನಿಯ ಆನ್‌ಲೈನ್ ಅಂಗಡಿಯಿಂದಲೇ ಇಳಿಸಿಕೊಳ್ಳಬೇಕು, ಆಡಿ ಬೇಸರವಾದ ಮೇಲೆ ಮಾರಲೂ ಬರುವುದಿಲ್ಲ. ಹತ್ತು ಸಾವಿರ ಉಳಿತಾಯ ಎಂದು ಅವಳು ಭಾವಿಸಿರುವುದು ಇಲ್ಲಿ ಸೋರಿ ಹೋಗುತ್ತದೆ. ಐದು ಸಾವಿರದ ಡಿಸ್ಕನ್ನು ಆಡಿ ಮುಗಿಸಿ ಅರ್ಧ ಬೆಲೆಗೆ ಮಾರಿದರೂ, ಅಂಥ ನಾಲ್ಕು ಆಟಗಳಲ್ಲಿ ಆ ಹತ್ತು ಸಾವಿರ ಮರಳಿ ಬರುತ್ತದೆ. ಫುಟ್ಬಾಲ್ ಆಟಕ್ಕೆ ಮಾತ್ರ ಈ ಲೆಕ್ಕ ಹಾಕಬೇಡಿ. ಅದು ವರ್ಷಕ್ಕೊಂದರಂತೆ ಹೊಸದಾಗಿ ಬರುತ್ತದೆ, ಹೊಸದು ಬಂದೊಡನೆ ಹಳೆಯದರ ಬೆಲೆ ಬಿದ್ದುಹೋಗುತ್ತದೆ. ಮಾಮೂ ಮಗ ಧಾರಾಳವಾಗಿ ಕೊಡುತ್ತಿರುವುದೂ ಬಹುಶಃ ಅದಕ್ಕೇ.

ಅವಳು ಬಿಟ್ಟಿರುವ ಇನ್ನೊಂದು ಖರ್ಚಿದೆ. ಅಕ್ಕ-ತಮ್ಮ ಒಂದೇ ಟಿವಿಯ ಮುಂದೆ ಕುಳಿತು ಫುಟ್ಬಾಲ್ ಆಡಲು ಹೆಚ್ಚಿನ ಹಣ ಬೇಕಿಲ್ಲ. ಅದೇ ಆಟವನ್ನು ಇಂಟರ್‌ನೆಟ್ಟಿನಲ್ಲಿ ಬೇರೆಯವರೊಂದಿಗೆ ಆಡಬೇಕಾದರೆ ಪ್ಲೇಸ್ಟೇಷನ್ ಪ್ಲಸ್ ಎಂಬ ಚಂದಾ ಕಟ್ಟಬೇಕು, ಅದೂ ಪ್ರತಿವರ್ಷ. ಮೊದಲ ವರ್ಷ ಆ ಚಂದಾ ಇಲ್ಲದೆಯೇ ಇರಲಿ ಎಂಬುದು ನನ್ನ ಸಲಹೆ. ಇದರಿಂದ ಹಣ ಉಳಿಯುವುದಷ್ಟೇ ಅಲ್ಲ, ಸಮಯದ ಜಗಳವೂ ಕಡಿಮೆಯಾಗುತ್ತದೆ. ಹೇಗೆಂದು ಮುಂದೆ ಹೇಳುತ್ತೇನೆ.

ವಯಸ್ಸಿನ ವಿಷಯದಲ್ಲಿ ಅವಳು ಹೀಗೆ ಬರೆದಿದ್ದಾಳೆ. "ಎರಡೂ ಆಟಗಳಿಗೆ ಪೆಗಿ 3 ಎಂಬ ಗುರುತಿದೆ. ಅಂದರೆ ಮೂರು ವರ್ಷದ ಮಗುವೂ ಆಡಬಹುದು. 18ರ ಗುರುತಿರುವ ಜಿಟಿಎ ಆಟವನ್ನು ನಾನು ಕೇಳುವುದೇ ಇಲ್ಲ."

ಪೆಗಿ ಎಂಬುದು ಯುರೋಪಿನಲ್ಲಿ 2003ರಿಂದ ಇರುವ ವ್ಯವಸ್ಥೆ. 3, 7, 12, 16, 18 ಎಂದು ಐದು ಮೆಟ್ಟಿಲು. ಡಬ್ಬಿಯ ಮೂಲೆಯಲ್ಲಿ ಈ ಅಂಕೆ ಇರುತ್ತದೆ. ಅವಳು ಹೇಳಿರುವ ಎರಡು ಆಟಗಳಿಗೂ 3 ಎಂದೇ ಇದೆ, ಅದು ನಿಜ. ಆದರೆ ಆಟದಲ್ಲಿ ಹೊಡೆದಾಟ, ಕೆಟ್ಟ ಮಾತು, ಅಶ್ಲೀಲ ದೃಶ್ಯ ಇಲ್ಲ ಎಂದಷ್ಟೇ ಈ ಅಂಕೆ ಹೇಳುತ್ತದೆ. ಇಂಟರ್‌ನೆಟ್ಟಿನಲ್ಲಿ ಎದುರಿಗೆ ಆಡುವವನು ಹೆಡ್‌ಫೋನಿನಲ್ಲಿ ಏನು ಬಯ್ಯುತ್ತಾನೆ ಎಂಬುದನ್ನು ಯಾವ ಅಂಕೆಯೂ ಹೇಳಲಾರದು.

ಡಬ್ಬಿಯ ಹಿಂಬದಿಯನ್ನೂ ನೋಡಬೇಕು. ಆಟದೊಳಗೆ ಖರೀದಿ ಇದ್ದರೆ ಅಲ್ಲಿ ಅದಕ್ಕೊಂದು ಚಿತ್ರದ ಗುರುತಿರುತ್ತದೆ. ಎಫ್‌ಸಿ ಸರಣಿಯಲ್ಲಿ ಹಣ ಕೊಟ್ಟು 'ಪ್ಯಾಕ್' ಕೊಳ್ಳಬಹುದು, ಅದರೊಳಗೆ ಯಾವ ಆಟಗಾರ ಸಿಗುತ್ತಾನೆ ಎಂಬುದು ಒಡೆದ ಮೇಲಷ್ಟೇ ತಿಳಿಯುತ್ತದೆ. ಜಾತ್ರೆಯ ಲಾಟರಿ ಚೀಟಿಯಂತೆಯೇ. ಬೆಲ್ಜಿಯಂ ಸರಕಾರ ಇದನ್ನು ಜೂಜೆಂದು ಕಂಡದ್ದರಿಂದ, ಆಗ ಫಿಫಾ ಎಂಬ ಹೆಸರಿದ್ದ ಇದೇ ಆಟದಲ್ಲಿ ಪ್ಯಾಕಿನ ಹಣ ಮಾರುವುದನ್ನು ಕಂಪನಿ 2019ರಲ್ಲಿ ಆ ದೇಶದ ಮಟ್ಟಿಗೆ ನಿಲ್ಲಿಸಬೇಕಾಯಿತು. ಹಾಗೆಂದು ಆಟವನ್ನೇ ಬೇಡ ಎನ್ನಬೇಕಿಲ್ಲ. ಪ್ಯಾಕ್ ಕೊಳ್ಳದೆಯೂ ಪೂರ್ತಿ ಆಡಬಹುದು. ಮಕ್ಕಳ ಖಾತೆಯ ತಿಂಗಳ ಖರ್ಚಿನ ಮಿತಿಯನ್ನು ಸೊನ್ನೆಯಲ್ಲಿಟ್ಟು, ಅಬ್ಬಾನ ಕಾರ್ಡನ್ನು ಯಂತ್ರದಲ್ಲಿ ಉಳಿಸದಿದ್ದರೆ ಸಾಕು.

ಇನ್ನು ಸಮಯ. "ಶಾಲೆಯ ದಿನ ಯಂತ್ರ ಮುಟ್ಟುವುದಿಲ್ಲ. ಶನಿವಾರ, ಭಾನುವಾರ ಅಸರ್ ಆದ ಮೇಲೆ ನಾನು ಒಂದು ಗಂಟೆ, ತಮ್ಮ ಅರ್ಧ ಗಂಟೆ. ಮಗ್ರಿಬ್‌ಗೆ ಮೊದಲು ಬಂದ್. ಪರೀಕ್ಷೆಯ ತಿಂಗಳು ಕರೆಂಟಿನ ವೈರನ್ನು ಅಮ್ಮಿಯ ಕೈಗೆ ಕೊಡುತ್ತೇನೆ." ಒಳ್ಳೆಯ ಯೋಜನೆ, ಚಳಿಗಾಲದ ಚಿಕ್ಕ ಸಂಜೆಯಲ್ಲೂ ಹಿಡಿಸುತ್ತದೆ. ವೈರಿನ ಮಾತು ಮಾತ್ರ ಉಪಯೋಗಕ್ಕೆ ಬಾರದು. ಈ ಯಂತ್ರದ್ದು ಎಂಟರ ಆಕಾರದ ತುದಿಯ ಸಾಧಾರಣ ವೈರ್. ಹಳೆಯ ಟೇಪ್‌ರೆಕಾರ್ಡರಿಗೆ ಬಳಸುತ್ತಿದ್ದುದೂ ಅದೇ, ಎಷ್ಟೋ ಪ್ರಿಂಟರ್‌ಗಳಿಗೂ ಅದೇ. ನೀವು ಬೀರುವಿನಲ್ಲಿ ಬೀಗ ಹಾಕಿಟ್ಟರೆ ಹತ್ತು ವರ್ಷದವನು ಅಟ್ಟದಿಂದ ಇನ್ನೊಂದನ್ನು ಇಳಿಸುತ್ತಾನೆ.

ನಿಜವಾದ ಬೀಗ ಇರುವುದು ಖಾತೆಯಲ್ಲಿ. ಯಂತ್ರ ಮನೆಗೆ ಬಂದ ದಿನ ಮಕ್ಕಳ ಕೈಗೆ ಕೊಡುವ ಮೊದಲೇ ನಿಮ್ಮ ಹೆಸರಿನಲ್ಲಿ, ನಿಮ್ಮದೇ ಇಮೇಲಿನಲ್ಲಿ ದೊಡ್ಡವರ ಖಾತೆ ತೆರೆಯಿರಿ. ಪಾಸ್‌ವರ್ಡ್ ಮಗಳಿಗೆ ತಿಳಿದಿರಬಾರದು. ಅದರ ಅಡಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಖಾತೆ, ನಿಜವಾದ ಜನ್ಮ ದಿನಾಂಕದೊಂದಿಗೆ. ಹುಟ್ಟಿದ ವರ್ಷವನ್ನು ಹಿಂದೆ ಸರಿಸಿ ಮಗುವನ್ನು ಹದಿನೆಂಟು ದಾಟಿಸಿದರೆ ಯಾವ ಮಿತಿಯೂ ಅಂಟುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ವಯಸ್ಸಿನ ಮಿತಿ, ವಾರದ ಒಂದೊಂದು ದಿನಕ್ಕೂ ಬೇರೆ ಬೇರೆ ಸಮಯ ಇಡಬಹುದು. ಅಪರಿಚಿತರೊಂದಿಗೆ ಮಾತು, ಸಂದೇಶ ನಡೆಯದಂತೆ ಮಾಡುವುದೂ ಅಲ್ಲೇ.

ಅಷ್ಟಾದ ಮೇಲೂ ಎರಡು ಕಿಟಕಿ ತೆರೆದಿರುತ್ತವೆ. ಯಂತ್ರದ ನಿರ್ಬಂಧಗಳಿಗೆ ನಾಲ್ಕಂಕಿಯ ಗುಪ್ತಸಂಖ್ಯೆ ಇದೆ, ಕಂಪನಿಯಿಂದ ಬರುವಾಗ ಅದು 0000 ಆಗಿರುತ್ತದೆ. ಶಾಲೆಯ ಮಕ್ಕಳಿಗೆಲ್ಲ ಇದು ಗೊತ್ತು. ಅದನ್ನು ಬದಲಿಸಿ. ಹೊಸ ಬಳಕೆದಾರರನ್ನು ಸೇರಿಸುವುದನ್ನೂ, ಅತಿಥಿಯಾಗಿ ಒಳಬರುವುದನ್ನೂ ತಡೆಯಿರಿ. ಇಲ್ಲದಿದ್ದರೆ ತನ್ನ ಸಮಯ ಮುಗಿದವನು ಇನ್ನೊಂದು ಹೆಸರಿನಲ್ಲಿ ಒಳಗೆ ಹೋಗುತ್ತಾನೆ. ಬಳಕೆದಾರರ ಪಟ್ಟಿಯಲ್ಲಿ ನೀವು ಕಾಣದ ಹೆಸರೊಂದು ಕಂಡರೆ ಹಾಗಾಗಿದೆ ಎಂದು ತಿಳಿಯಿರಿ.

ಸಮಯ ಮುಗಿದಾಗ ಬರೀ ಎಚ್ಚರಿಕೆ ತೋರಿಸಬೇಕೇ, ಹೊರಗೇ ಹಾಕಬೇಕೇ ಎಂದು ಯಂತ್ರ ಕೇಳುತ್ತದೆ. ಇಲ್ಲಿ ತಾಯಂದಿರು ಆಟದ ಸ್ವಭಾವವನ್ನು ಸ್ವಲ್ಪ ಅರಿತಿರಬೇಕು. ಇಂಟರ್‌ನೆಟ್ಟಿನ ಫುಟ್ಬಾಲ್ ಪಂದ್ಯವನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ, ಬಿಟ್ಟು ಹೋದರೆ ಸೋಲೆಂದು ದಾಖಲಾಗುತ್ತದೆ. ಮಕ್ಕಳು "ಇನ್ನು ಐದೇ ನಿಮಿಷ" ಎಂದು ಗೋಗರೆಯುವುದು ಎಷ್ಟೋ ಸಲ ಇದೇ ಕಾರಣಕ್ಕೆ. ಚಂದಾ ಇಲ್ಲದೆ ಮನೆಯೊಳಗೇ ಆಡಿದರೆ ಪಂದ್ಯದ ಉದ್ದವನ್ನೂ ತಾವೇ ಇಟ್ಟುಕೊಳ್ಳಬಹುದು, ಊಟಕ್ಕೆ ಕರೆದರೆ ನಿಲ್ಲಿಸಿ ಏಳಬಹುದು. ಆದ್ದರಿಂದ ಮೊದಲ ತಿಂಗಳು ಎಚ್ಚರಿಕೆ ಸಾಕು. ಅದು ಬಂದ ಮೇಲೆ ಹೊಸ ಪಂದ್ಯ ಶುರು ಮಾಡಬಾರದೆಂಬ ಮಾತು ಅವಳ ಪತ್ರದಲ್ಲಿ ಸೇರಲಿ. ಮಾತು ತಪ್ಪಿದರೆ ಎರಡನೆಯ ತಿಂಗಳಿಂದ ಹೊರಗೆ ಹಾಕುವ ವ್ಯವಸ್ಥೆ. 2025ರಲ್ಲಿ ಬಂದ ಪ್ಲೇಸ್ಟೇಷನ್ ಫ್ಯಾಮಿಲಿ ಆ್ಯಪ್ ನಿಮ್ಮ ಮೊಬೈಲಿನಲ್ಲಿದ್ದರೆ, ಅವರು ಎಷ್ಟು ಹೊತ್ತು ಏನು ಆಡಿದರೆಂದು ಅಡುಗೆಮನೆಯಿಂದಲೇ ನೋಡಬಹುದು.

ಇನ್ನು ಉತ್ತರ. ಡಿಸ್ಕಿನ ಮಾದರಿ, ಇನ್ನೊಂದು ಕಂಟ್ರೋಲರ್, ಮಾಮೂ ಮಗನ ಫುಟ್ಬಾಲ್. ರೇಸಿನ ಆಟಕ್ಕೆ ಹಳೆಯ ಡಿಸ್ಕ್ ಸಿಗುವವರೆಗೆ ಕಾಯಲಿ. ಹಾಗಾದರೆ 60,990, ಅವಳ ಪಾಲು ಕಳೆದರೆ ನಿಮ್ಮದು 51,490. ಅವಳು ಕೇಳಿದ್ದಕ್ಕಿಂತ ಐದು ಸಾವಿರ ಹೆಚ್ಚು. ಅಷ್ಟು ಕೊಡಲಾಗದಿದ್ದರೆ ಕಂಟ್ರೋಲರನ್ನು ಮುಂದಕ್ಕೆ ಹಾಕಿ, ಅಕ್ಕ-ತಮ್ಮ ಸರದಿಯಲ್ಲಿ ಆಡಲಿ. ಡಿಸ್ಕಿನ ಮಾದರಿಯನ್ನು ಮಾತ್ರ ಬಿಡಬೇಡಿ. ಈ ಲೆಕ್ಕವನ್ನು ಅವಳ ಪತ್ರದ ಹಿಂಬದಿಯಲ್ಲೇ ಬರೆದು, ಅಬ್ಬಾನ ಸಹಿ ಹಾಕಿಸಿ ಅವಳಿಗೆ ಮರಳಿ ಕೊಡಿ.