ಮಾರಾಟವಿಲ್ಲ, ಆದರೂ ಚಲನ್ ಬೇಕು



ಚಿಕ್ಕಬಳ್ಳಾಪುರದ ಗೋದಾಮಿನಿಂದ ಶಿಡ್ಲಘಟ್ಟದ ಸ್ವಂತ ಅಂಗಡಿಗೆ 60,000 ರೂಪಾಯಿಯ ಪಂಪ್‌ಸೆಟ್ ಕಳಿಸುವ ವರ್ತಕರು ‘ನಮ್ಮ ಮಾಲು ನಮಗೇ, ಬಿಲ್ ಯಾಕೆ?’ ಎನ್ನುವುದುಂಟು. ಅರ್ಧ ಸರಿ. ಎರಡೂ ಕಡೆ ಒಂದೇ ಜಿಎಸ್‌ಟಿ ಸಂಖ್ಯೆಯಿದ್ದರೆ ತೆರಿಗೆಯಿಲ್ಲ, ಇನ್‌ವಾಯ್ಸೂ ಬೇಡ. ಆದರೆ ನಿಯಮ 55ರ ಡೆಲಿವರಿ ಚಲನ್ ಮಾಲಿನ ಜೊತೆಗಿರಬೇಕು. ಮೌಲ್ಯ 50,000 ದಾಟಿದ್ದರಿಂದ ಇ-ವೇ ಬಿಲ್ಲೂ ಬೇಕು. ಶಿಡ್ಲಘಟ್ಟದ ಅಂಗಡಿ ನೋಂದಣಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿರದಿದ್ದರೆ ತಪಾಸಣೆಯಲ್ಲಿ ತಕರಾರು ಖಚಿತ.

ಗೌರಿಬಿದನೂರಿನಿಂದ ಹಿಂದೂಪುರದ ಶಾಖೆಗೆ ಹೊರಟರೆ ಲೆಕ್ಕವೇ ಬೇರೆ. ಆಂಧ್ರದ ನೋಂದಣಿ ಪ್ರತ್ಯೇಕ. ಹಣ ಕೈ ಬದಲಾಗದಿದ್ದರೂ ತೆರಿಗೆ ಇನ್‌ವಾಯ್ಸ್ ಬರೆದು ಐಜಿಎಸ್‌ಟಿ ಹಾಕಬೇಕು. ಆ ಶಾಖೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು.

ಚಿಂತಾಮಣಿಯಂಥ ಊರುಗಳಿಗಾಗಿ ಇಲಾಖೆ ಕನ್ನಡದಲ್ಲೊಂದು ಮಾದರಿ ಚಲನ್ ಅಚ್ಚುಹಾಕಿಸಿ ಹಂಚಲಿ.

– ಓದುಗ, ಚಿಂತಾಮಣಿ