ರಾಜಗಿರಿ ಪಲ್ಯ ಮತ್ತು 25,000 ಯೂನಿಟ್

ವಾಡಿ, ಶಹಾಬಾದ್ ಕಡೆಯ ಸಿಮೆಂಟ್ ಲಾರಿ ಚಾಲಕರಲ್ಲಿ ಒಬ್ಬರು ಈಚೆಗೆ ಜೇಬಿನಿಂದ ಗುಳಿಗೆ ಚೀಟಿ ತೆಗೆದು ತೋರಿಸಿದರು. ವಿಟಮಿನ್ ಎ, 25,000 ಯೂನಿಟ್. "ರಾತ್ರಿ ಗಾಡಿ ಹೊಡಿಯಾವ್ರಿಗಿ ಕಣ್ಣಿಗಿ ಚಲೋ ಅಂತ್ರಿ, ದಿನಾ ಒಂದು ತಗೋತೀನಿ" ಎಂದರು. ಹಾಗೆ ಹೇಳಿಕೊಟ್ಟವರು ಯಾರೋ, ಆದರೆ ಈ ಸಲಹೆ ತಪ್ಪು, ಅಪಾಯದ್ದು ಕೂಡ. ಸಿದ್ಧ ವಿಟಮಿನ್ ಎ ಕೊರತೆ ಇದ್ದವರಿಗೆ ಔಷಧ. ಕೊರತೆ ಇಲ್ಲದವರ ಇರುಳು ನೋಟವನ್ನು ಅದು ಒಂದಿಷ್ಟೂ ಹರಿತ ಮಾಡುವುದಿಲ್ಲ.

ಕಾರಣ ಕಣ್ಣಿನೊಳಗೇ ಇದೆ. ಮಬ್ಬು ಬೆಳಕಿನಲ್ಲಿ ನೋಡುವ ಕೋಶಗಳಲ್ಲಿ ರೊಡಾಪ್ಸಿನ್ ಎಂಬ ಬಣ್ಣದ ವಸ್ತು ಇರುತ್ತದೆ. ವಿಟಮಿನ್ ಎಯಿಂದ ಹುಟ್ಟುವ ರೆಟಿನಲ್ ಅದರ ಒಂದು ಭಾಗ. ಬೆಳಕು ಬಿದ್ದಾಗ ರೊಡಾಪ್ಸಿನ್ ಒಡೆಯುತ್ತದೆ, ಕತ್ತಲಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ದೇಹದಲ್ಲಿ ವಿಟಮಿನ್ ಎ ತೀರಿದಾಗ ಈ ಮರುಜೋಡಣೆ ನಿಂತು ಇರುಳುಗಣ್ಣು ಬರುತ್ತದೆ. ಸಾಕಷ್ಟು ಇದ್ದ ಮೇಲೆ ಇನ್ನೆಷ್ಟು ಸುರಿದರೂ ಕೋಶ ಹೆಚ್ಚು ರೊಡಾಪ್ಸಿನ್ ಕಟ್ಟಿಕೊಳ್ಳುವುದಿಲ್ಲ, ಉಳಿದದ್ದು ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ.

ಚಾಲಕರು ಒಂದು ಒಳ್ಳೆಯ ಪ್ರಶ್ನೆಯನ್ನೂ ಎತ್ತಿದರು. ಅಂಗನವಾಡಿಯಲ್ಲಿ ಪುಟ್ಟ ಮಕ್ಕಳಿಗೇ ಎರಡು ಲಕ್ಷ ಯೂನಿಟ್ ಕುಡಿಸುತ್ತಾರಲ್ಲ, ದೊಡ್ಡವರಿಗೆ 25,000 ಯಾವ ಲೆಕ್ಕ? ಇದಕ್ಕೆ ಲೆಕ್ಕದಿಂದಲೇ ಉತ್ತರ ಹೇಳಬೇಕು. ದೇಶದಲ್ಲಿ 1970ರಿಂದ ನಡೆದಿರುವ ಆ ಕಾರ್ಯಕ್ರಮದಲ್ಲಿ ಮಗುವಿಗೆ ಒಂಬತ್ತು ತಿಂಗಳಾದಾಗ ಒಂದು ಲಕ್ಷ ಯೂನಿಟ್, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಎರಡು ಲಕ್ಷ. ಒಂದು ಯೂನಿಟ್ ಎಂದರೆ 0.3 ಮೈಕ್ರೋಗ್ರಾಂ, ಹಾಗಾಗಿ ಎರಡು ಲಕ್ಷ ಯೂನಿಟ್ 60,000 ಮೈಕ್ರೋಗ್ರಾಂ ಆಯಿತು. ಅದನ್ನು 180 ದಿನಕ್ಕೆ ಹಂಚಿದರೆ ದಿನಕ್ಕೆ 333 ಮೈಕ್ರೋಗ್ರಾಂ, ಚಿಕ್ಕ ಮಗುವಿನ ದಿನದ ಅಗತ್ಯಕ್ಕಿಂತ ತುಸು ಕಡಿಮೆಯೇ. ಯಕೃತ್ತು ಅದನ್ನು ಇಟ್ಟುಕೊಂಡು ಮೆಲ್ಲಗೆ ಖರ್ಚು ಮಾಡುತ್ತದೆ. ಚಾಲಕರ ಗುಳಿಗೆ ಅದೇ ಆರು ತಿಂಗಳಲ್ಲಿ 45 ಲಕ್ಷ ಯೂನಿಟ್ ಆಗುತ್ತದೆ. ದೊಡ್ಡವರಿಗೆ ಸಿದ್ಧ ವಿಟಮಿನ್ ಎಯ ಸುರಕ್ಷಿತ ಮೇಲ್ಮಿತಿ ದಿನಕ್ಕೆ 3,000 ಮೈಕ್ರೋಗ್ರಾಂ, ಅಂದರೆ 10,000 ಯೂನಿಟ್. ದಿನವೂ ಅದರ ಎರಡೂವರೆ ಪಟ್ಟು ನುಂಗುತ್ತಾ ಹೋದರೆ ತುಟಿ ಒಡೆಯುವುದು, ಚರ್ಮ ಒಣಗುವುದು, ಕೂದಲು ಉದುರುವುದು, ತಲೆನೋವು, ಕೊನೆಗೆ ಯಕೃತ್ತಿಗೇ ಪೆಟ್ಟು. ಬಸುರಿಯರು ಈ ಮಿತಿ ದಾಟಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಂಗದೋಷ ಬರುವ ಭಯವಿದೆ. ಕುರಿಯ ಲಿವರ್‌ನಲ್ಲೂ 100 ಗ್ರಾಮಿಗೆ ಸುಮಾರು 7,000 ಮೈಕ್ರೋಗ್ರಾಂ ಇರುವುದರಿಂದ, ಆ ದಿನಗಳಲ್ಲಿ ಅದನ್ನು ಮೇಲಿಂದ ಮೇಲೆ ತಿನ್ನಬಾರದು.

ಸೊಪ್ಪಿನಲ್ಲಿರುವ ಬೀಟಾ ಕ್ಯಾರೋಟಿನ್‌ನ ದಾರಿ ಬೇರೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಮನೆಗಳಲ್ಲಿ ಜೋಳದ ರೊಟ್ಟಿ ಜೊತೆ ಉಣ್ಣುವ ರಾಜಗಿರಿ ಪಲ್ಯವನ್ನೇ ತೆಗೆದುಕೊಳ್ಳಿ. ಹಸಿ ಸೊಪ್ಪಿನ 100 ಗ್ರಾಮಿನಲ್ಲಿ ಸುಮಾರು 8,500 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್ ಇರುತ್ತದೆ, ಗಜ್ಜರಿಗಿಂತ ಹೆಚ್ಚು. ಅದು ಕರುಳಿನ ಗೋಡೆಯಲ್ಲಿ ಒಡೆದು ವಿಟಮಿನ್ ಎ ಆಗಬೇಕು. ಆಹಾರದ 12 ಪಾಲಿಗೆ ಒಂದು ಪಾಲು ಸಿಗುತ್ತದೆ ಎಂಬುದು ಬಳಕೆಯ ಲೆಕ್ಕ. ಆ ಪ್ರಕಾರ 50 ಗ್ರಾಂ ಸೊಪ್ಪಿನಿಂದ ಸುಮಾರು 350 ಮೈಕ್ರೋಗ್ರಾಂ ಬರುತ್ತದೆ. ದೇಹದಲ್ಲಿ ವಿಟಮಿನ್ ಎ ತುಂಬಿದ್ದರೆ ಕರುಳು ಈ ಒಡೆಯುವ ಕೆಲಸವನ್ನು ತಾನೇ ತಗ್ಗಿಸುತ್ತದೆ. ಹಾಗಾಗಿ ಪಲ್ಯ ತಿಂದು ವಿಟಮಿನ್ ಎ ವಿಷವಾಗುವುದಿಲ್ಲ. ಅತಿಯಾಗಿ ತಿಂದರೆ ಅಂಗೈ ಹಳದಿಯಾದೀತು, ಕಣ್ಣಿನ ಬಿಳಿಭಾಗ ಮಾತ್ರ ಬಿಳಿಯೇ ಉಳಿಯುತ್ತದೆ. ಕಾಮಾಲೆಯಲ್ಲಿ ಅದೂ ಹಳದಿಯಾಗುತ್ತದೆ, ಎರಡನ್ನೂ ಬೇರ್ಪಡಿಸುವ ಗುರುತು ಅದು.

ಸೊಪ್ಪನ್ನು ನಂಬಿ ಕೂರಬೇಡಿ ಎನ್ನುವ ವೈದ್ಯರ ಮಾತಿಗೂ ಬೆಲೆ ಇದೆ. ಹೊಟ್ಟೆಯಲ್ಲಿ ಹುಳು, ಪದೇ ಪದೇ ಭೇದಿ, ಊಟದಲ್ಲಿ ಎಣ್ಣೆಯೇ ಇಲ್ಲದಿದ್ದರೆ ಆ 12ರ ಲೆಕ್ಕವೂ ಹುಸಿಯಾಗುತ್ತದೆ. ಕ್ಯಾರೋಟಿನ್ ಕೊಬ್ಬಿನಲ್ಲಿ ಕರಗಿಯೇ ಒಳಗೆ ಹೋಗಬೇಕು. ಒಗ್ಗರಣೆಯ ಎಣ್ಣೆ, ಪಕ್ಕದ ಶೇಂಗಾ ಚಟ್ನಿ ಮಾಡುವ ಕೆಲಸ ಅದೇ. ಇನ್ನು ಮಗು ಮುಸ್ಸಂಜೆಯಲ್ಲಿ ಎಡವುತ್ತಿದ್ದರೆ, ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಮಚ್ಚೆ ಕಂಡರೆ ಪಲ್ಯಕ್ಕಾಗಿ ಕಾಯಬಾರದು, ಆ ಹೊತ್ತಿಗೆ ಸಿದ್ಧ ವಿಟಮಿನ್ನೇ ಬೇಕು. ಕೆಲವೇ ದಿನಗಳಲ್ಲಿ ನೋಟ ತಿರುಗಿ ಬರುತ್ತದೆ. ಬರಲಿಲ್ಲವೆಂದರೆ ಕಾರಣ ಬೇರೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ನಮ್ಮ ಕಡೆ ವಂಶದಿಂದ ಬರುವ ಅಕ್ಷಿಪಟಲದ ರೋಗವನ್ನು ಮರೆಯುವಂತಿಲ್ಲ. ಅದರಲ್ಲಿ ಇರುಳುಗಣ್ಣಿನ ಜೊತೆಗೆ ಅಕ್ಕಪಕ್ಕದ ನೋಟವೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ, ಎಷ್ಟು ಗುಳಿಗೆ ನುಂಗಿದರೂ ಗುಣವಾಗುವುದಿಲ್ಲ.

ಹಾಗಾದರೆ ಬೀಟಾ ಕ್ಯಾರೋಟಿನ್ ಗುಳಿಗೆ ನುಂಗೋಣ ಎನ್ನುವವರು, ಬೀಡಿ ಸೇದುವವರಾದರೆ, ಒಂದು ಸಂಗತಿ ತಿಳಿದಿರಬೇಕು. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂತು. ದಿನಕ್ಕೆ 20 ಮಿಲಿಗ್ರಾಂ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಾಗಿತ್ತು. ಇದು ಗುಳಿಗೆಯ ಮಾತು, ಸೊಪ್ಪಿನದಲ್ಲ.

ಆ ಚಾಲಕರಿಗೆ ವಯಸ್ಸು ಐವತ್ತರ ಮೇಲೆ. ಎದುರು ಬರುವ ಲಾರಿಯ ದೀಪದ ಸುತ್ತ ಬಳೆಯಂತೆ ಬೆಳಕು ಕಾಣುತ್ತದಂತೆ, ಕೆಲವು ಕ್ಷಣ ರಸ್ತೆಯೇ ಮಾಯವಾಗುತ್ತದಂತೆ. ಇದು ಕಣ್ಣಿನ ಪೊರೆಯ ಲಕ್ಷಣ ಇರಬಹುದು, ಕನ್ನಡಕದ ನಂಬರ್ ಬದಲಾಗಿರಬಹುದು. ಗುಳಿಗೆ ನಿಲ್ಲಿಸಿ ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ಗುಳಿಗೆ ಚೀಟಿಯನ್ನೂ ಅವರಿಗೆ ತೋರಿಸಿ ಎಂದು ಹೇಳಿದೆ.