ಹಿರಿಯ ಗಿರಾಕಿಗೆ ಬಾಕಿಯ ಪತ್ರ: ಕರಡಿನಲ್ಲಿ ಉಳಿಯಬೇಕಾದುದು, ಅಳಿಯಬೇಕಾದುದು

ತಂದೆಯಿಂದ ಕಾರ್ಖಾನೆಯ ಹೊಣೆ ವಹಿಸಿಕೊಂಡ ಮಗನಿಗೆ ಮೊದಲ ವರ್ಷದಲ್ಲಿಯೇ ಎದುರಾಗುವ ಕಠಿಣ ಕೆಲಸವೆಂದರೆ ತಂದೆಯ ಕಾಲದ ಹಿರಿಯ ಗಿರಾಕಿಗೆ ಬಾಕಿ ಹಣದ ಬಗ್ಗೆ ಪತ್ರ ಬರೆಯುವುದು. ತಂದೆಯವರು ಇಂತಹ ಪತ್ರವನ್ನು ಬಹುಶಃ ಎಂದೂ ಬರೆದಿರುವುದಿಲ್ಲ. ಅಂಗಡಿಗೆ ಹೋಗಿ ಕುಳಿತು, ಚಹಾ ಕುಡಿದು, ಮಳೆ ಬೆಳೆಯ ಮಾತಾಡಿ, ಏಳುವ ಹೊತ್ತಿಗೆ ಲೆಕ್ಕದ ಮಾತೆತ್ತಿ ಚೆಕ್ಕು ತರುತ್ತಿದ್ದರು. ಮಗನಿಗೆ ಆ ಸಲಿಗೆಯೂ ಇಲ್ಲ, ಅಷ್ಟು ಸಮಯವೂ ಇಲ್ಲ. ಆದ್ದರಿಂದ ಅವನು ಬರೆಯುತ್ತಾನೆ; ಬರೆಯುವಾಗ ಕೈ ಬಿಗಿಯಾಗುತ್ತದೆ.

ಹುಬ್ಬಳ್ಳಿಯಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಒಂದು ಸಣ್ಣ ಘಟಕದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಗಿರಾಕಿಗಳು ಹಾವೇರಿ ಜಿಲ್ಲೆಯಲ್ಲಿ ಖಾರದ ಪುಡಿಯ ಉದ್ಯಮ ನಡೆಸುವ, ಎಪ್ಪತ್ತು ದಾಟಿದ ಹಿರಿಯರು. 2025ರ ಜೂನ್ 10, ಜುಲೈ 4 ಮತ್ತು ಜುಲೈ 29ರ ಮೂರು ಬಿಲ್ಲುಗಳು ಕ್ರಮವಾಗಿ 1,24,000, 1,38,500 ಮತ್ತು 1,23,900 ರೂಪಾಯಿಗಳವು. ಒಟ್ಟು 3,86,400 ರೂಪಾಯಿ ಬರಬೇಕಾಗಿತ್ತು. ಅರವತ್ತು ದಿನಗಳ ಉದ್ದರಿ ತಂದೆಯವರ ಕಾಲದಿಂದ ಬಾಯಿಮಾತಿನಲ್ಲಿ ನಡೆದುಬಂದ ಪದ್ಧತಿ. ಅಕ್ಟೋಬರ್ 6ರಂದು ಮಗನು ಕರಡು ಬರೆದಾಗ ಕೊನೆಯ ಬಿಲ್ಲಿಗೂ 69 ದಿನಗಳು ಕಳೆದಿದ್ದವು. ಕರಡು ಹೀಗಿತ್ತು:

“ವಿಷಯ: ಅಂತಿಮ ಜ್ಞಾಪನೆ. ಹಲವು ಬಾರಿ ಫೋನ್ ಮಾಡಿದರೂ ನೀವು ಸ್ಪಂದಿಸಿಲ್ಲ. ಕಾನೂನಿನ ಪ್ರಕಾರ 45 ದಿನಗಳೊಳಗೆ ಹಣ ಕೊಡಬೇಕು. ಬಾಕಿ 3,86,400 ರೂಪಾಯಿಯನ್ನು ಶೇಕಡಾ 24ರ ಬಡ್ಡಿಯೊಂದಿಗೆ ಮೂರು ದಿನಗಳೊಳಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ನಿಮ್ಮ ಹೊಸ ಆರ್ಡರನ್ನು ನಿಲ್ಲಿಸಲಾಗುವುದು ಮತ್ತು ಮುಂದಿನ ಕ್ರಮ ಜರುಗಿಸಲಾಗುವುದು. ನಿಮ್ಮ ಖರ್ಚನ್ನು ಆದಾಯ ತೆರಿಗೆಯಲ್ಲಿಯೂ ಒಪ್ಪುವುದಿಲ್ಲ ಎಂಬುದು ಗಮನದಲ್ಲಿರಲಿ.”

ಕೆಳಗೆ ಹಿರಿಯರ ಇಬ್ಬರು ಗಂಡುಮಕ್ಕಳಿಗೂ ಅವರ ಲೆಕ್ಕಪರಿಶೋಧಕರಿಗೂ ಪ್ರತಿ ಕಳುಹಿಸುವುದಾಗಿ ನಮೂದಿಸಲಾಗಿತ್ತು.

ಈ ಕರಡಿನ ಒರಟುತನ ಮೇಲ್ನೋಟಕ್ಕೇ ಕಾಣುತ್ತದೆ. ಆದರೆ ಅದಕ್ಕಿಂತ ದೊಡ್ಡ ದೋಷ, ಬರೆದವನಿಗೆ ತನ್ನ ನೆಲೆ ಎಷ್ಟು ಗಟ್ಟಿ ಎಂಬುದೇ ತಿಳಿಯದಿರುವುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಲ್ಲಿ 45 ದಿನಗಳೆಂಬುದು ಲಿಖಿತ ಒಪ್ಪಂದವಿದ್ದಾಗಲೂ ಮೀರಬಾರದ ಗರಿಷ್ಠ ಮಿತಿ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಸರಕು ಸ್ವೀಕಾರವಾದ ದಿನದಿಂದ 15 ದಿನಗಳು ಮಾತ್ರ. ವಿಳಂಬಕ್ಕೆ ಬಡ್ಡಿಯೂ ಬಿಲ್ಲಿನ ಬುಡದಲ್ಲಿ ಅಚ್ಚಾದ ಶೇಕಡಾ 24 ಅಲ್ಲ. ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಕಾನೂನಿನ ಹೆಸರು ಹೇಳಿ ಹೆದರಿಸುವವನು ಕಾನೂನನ್ನೇ ತಪ್ಪಾಗಿ ಹೇಳಿದರೆ, ಐವತ್ತು ವರ್ಷ ವ್ಯಾಪಾರ ಮಾಡಿದವರು ಅದನ್ನು ಮೊದಲ ಓದಿನಲ್ಲಿಯೇ ಗುರುತಿಸುತ್ತಾರೆ. (ಈ ರಕ್ಷಣೆ ತಯಾರಕರಿಗೂ ಸೇವೆ ಒದಗಿಸುವವರಿಗೂ ಇರುವುದು. ಕೊಂಡು ಮಾರುವ ವ್ಯಾಪಾರಿಗಳಿಗೆ 2021ರಲ್ಲಿ ಉದ್ಯಮ್ ನೋಂದಣಿಯ ಬಾಗಿಲು ತೆರೆದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ ಎಂಬುದನ್ನು ಈ ಸಾಲುಗಳನ್ನು ಓದುವ ವರ್ತಕ ಬಂಧುಗಳು ಮರೆಯಬಾರದು.)

ಇನ್ನೊಂದು ಸಂಗತಿ ಕರಡಿನಲ್ಲಿ ಇರಲೇ ಇಲ್ಲ. ಪತ್ರ ಕಳುಹಿಸುವ ಮುನ್ನ ಅದನ್ನು ತಂದೆಯವರಿಗೆ ತೋರಿಸಿದಾಗ ಅವರು ಪತ್ರದ ಬಗ್ಗೆ ಏನೂ ಹೇಳದೆ, ಗಾಡಿಯ ಚಾಲಕನನ್ನು ಕರೆಸಿ ಕೇಳಿದರು. ಜುಲೈ 4ರ ಮಾಲಿನಲ್ಲಿ ಕೆಲವು ಕಟ್ಟುಗಳು ಮಳೆಗೆ ನೆನೆದಿದ್ದವು. ಹಿರಿಯರು ಅದನ್ನು ಚಾಲಕನಿಗೆ ತೋರಿಸಿ “ಮಾಲಕರಿಗೆ ಹೇಳಪ್ಪಾ” ಎಂದಿದ್ದರು. ಚಾಲಕನು ಗೋದಾಮಿನ ಗುಮಾಸ್ತನಿಗೆ ಹೇಳಿದ್ದನು. ಮಾತು ಅಲ್ಲಿಗೇ ನಿಂತಿತ್ತು. ಎಣಿಕೆಯಂತೆ 340 ಪೆಟ್ಟಿಗೆಗಳು, ತಲಾ 22 ರೂಪಾಯಿಯಂತೆ 7,480 ರೂಪಾಯಿ. ಇಷ್ಟು ಸಣ್ಣ ಮೊತ್ತಕ್ಕೆ ಮೂರೂವರೆ ಲಕ್ಷಕ್ಕೂ ಮೀರಿದ ಹಣ ನಿಂತಿತೇ ಎಂದು ಮಗನು ಕೇಳಿದ್ದು ಸಹಜ. ನಿಂತದ್ದು ಮೊತ್ತಕ್ಕಲ್ಲ, ಹೇಳಿದ ಮಾತಿಗೆ ಉತ್ತರ ಬರಲಿಲ್ಲ ಎಂಬುದಕ್ಕೆ.

ಕಾನೂನಿನ ದೃಷ್ಟಿಯಿಂದ ಮಗನ ಕೈ ಇಲ್ಲಿಯೂ ಮೇಲೆಯೇ ಇತ್ತು. ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪ ಬಾರದಿದ್ದರೆ ತಲುಪಿದ ದಿನವೇ ಸ್ವೀಕಾರವಾಯಿತೆಂದು ಕಾಯಿದೆ ಭಾವಿಸುತ್ತದೆ; ಚಾಲಕನಿಗೆ ಹೇಳಿದ ಮಾತು ಲಿಖಿತ ಆಕ್ಷೇಪವಲ್ಲ. ಆದರೆ ತನ್ನ ಮಾತೇ ದಾಖಲೆ ಎಂದು ಬದುಕಿದ ತಲೆಮಾರಿನವರ ಮುಂದೆ “ಬರೆದು ಕೊಡಲಿಲ್ಲವಲ್ಲ” ಎಂಬ ವಾದ ಹೂಡುವುದು ಗಿರಾಕಿಯನ್ನು ಕಳೆದುಕೊಳ್ಳುವ ಖಚಿತ ಮಾರ್ಗ. ಅಷ್ಟಕ್ಕೂ ಪೆಟ್ಟಿಗೆಗಳು ನೆನೆದಿದ್ದದ್ದು ನಿಜ. ಆದ್ದರಿಂದ ತಿದ್ದುಪಡಿ ಭಾಷೆಯಿಂದಲ್ಲ, ಲೆಕ್ಕದಿಂದ ಆರಂಭವಾಯಿತು: ಮೊದಲು 7,480 ರೂಪಾಯಿಗೆ ಕ್ರೆಡಿಟ್ ನೋಟು ಸಿದ್ಧವಾಯಿತು; ನಿವ್ವಳ ಬಾಕಿ 3,78,920 ರೂಪಾಯಿ ಎಂದಾಯಿತು.

ಎರಡನೆಯ ಕರಡು ಮತ್ತೊಂದು ದಿಕ್ಕಿಗೆ ವಾಲಿತು. “ಚಿಕ್ಕವನ ಮಾತನ್ನು ಅನ್ಯಥಾ ಭಾವಿಸಬಾರದು”, “ತಮಗೆ ಅನುಕೂಲವಾದಾಗ ಹಣ ಕಳುಹಿಸಿದರೂ ಸಾಕು”, “ತಪ್ಪಿದ್ದರೆ ಕ್ಷಮೆಯಿರಲಿ” ಎಂಬ ಮಾತುಗಳು ಅದರಲ್ಲಿ ತುಂಬಿದವು. ಇದು ಗೌರವವಲ್ಲ, ಅಳುಕು. “ಅನುಕೂಲವಾದಾಗ” ಎಂದು ಬರೆದವನು ಗಡುವನ್ನು ತಾನೇ ಬಿಟ್ಟುಕೊಟ್ಟಂತೆ. ನಾಳೆ ವ್ಯಾಜ್ಯ ಬಂದರೆ ಆ ಸಾಲು ಎದುರು ಪಕ್ಷದ ಕಡತದಿಂದಲೇ ಹೊರಬರುತ್ತದೆ. ಮಾಡಿದ ಕೆಲಸದ ಹಣ ಕೇಳಲು ಕ್ಷಮೆ ಕೋರುವವನ ಸರಕಿನ ಮೇಲೂ ಓದುವವರಿಗೆ ಸಂಶಯ ಹುಟ್ಟೀತು. ಹಿರಿಯರು ಮುಖಸ್ತುತಿಯನ್ನು ಬಹಳ ಕಂಡವರು. ಅದರ ಹಿಂದೆ ಬರುವ ಬೇಡಿಕೆಯನ್ನು ಅವರು ಮೊದಲೇ ನಿರೀಕ್ಷಿಸುತ್ತಾರೆ.

ಕೊನೆಗೆ ಕಳುಹಿಸಿದ ಪತ್ರ ಇದು:

“ಮಾನ್ಯರೇ,

ಜುಲೈ 4ರ ಮಾಲಿನಲ್ಲಿ ನೆನೆದ ಪೆಟ್ಟಿಗೆಗಳ ವಿಷಯವನ್ನು ತಾವು ನಮ್ಮ ಚಾಲಕರಿಗೆ ಅಂದೇ ತಿಳಿಸಿದ್ದೀರಿ. ಅದು ನಮಗೆ ತಲುಪಿದ್ದು ಈ ವಾರ. ತಡವಾದುದು ನಮ್ಮ ತಪ್ಪು. 340 ಪೆಟ್ಟಿಗೆಗಳಿಗೆ 7,480 ರೂಪಾಯಿಯ ಕ್ರೆಡಿಟ್ ನೋಟನ್ನು ಇದರೊಂದಿಗೆ ಲಗತ್ತಿಸಿದೆ.

ಇದನ್ನು ಕಳೆದು ಮೂರು ಬಿಲ್ಲುಗಳ ಬಾಕಿ 3,78,920 ರೂಪಾಯಿ. ಮೂರೂ ಬಿಲ್ಲುಗಳು ನಮ್ಮ ನಡುವಿನ ಅರವತ್ತು ದಿನಗಳನ್ನು ದಾಟಿವೆ. ಜೂನ್ ಬಿಲ್ಲಿನ 1,24,000 ರೂಪಾಯಿಯನ್ನು ಅಕ್ಟೋಬರ್ 20ರೊಳಗೆ, ಉಳಿದ 2,54,920 ರೂಪಾಯಿಯನ್ನು ನವೆಂಬರ್ 10ರೊಳಗೆ ಕಳುಹಿಸಿಕೊಡಬೇಕಾಗಿ ವಿನಂತಿ. ಈ ದಿನಾಂಕಗಳಲ್ಲಿ ತಮಗೆ ತೊಂದರೆಯಿದ್ದರೆ ತಾವು ಸೂಚಿಸುವ ದಿನಾಂಕವನ್ನು ತಿಳಿಸಿದಲ್ಲಿ ಮಾತನಾಡಿ ಗೊತ್ತುಮಾಡಬಹುದು.

ತಮ್ಮ ಹೊಸ ಆರ್ಡರಿನ ಕಾಗದವನ್ನು ಮಿಲ್ಲಿನಿಂದ ಮುಂಗಡ ಕೊಟ್ಟು ತರಿಸಬೇಕಾಗಿದೆ. ಮೊದಲ ಕಂತು ಬಂದ ದಿನವೇ ಕಾಗದಕ್ಕೆ ಹೇಳುತ್ತೇವೆ. ಅಲ್ಲಿಂದ ಹನ್ನೆರಡು ದಿನಗಳಲ್ಲಿ ಮಾಲು ತಲುಪುತ್ತದೆ.

ಖಾತೆಯ ಪ್ರತಿಯನ್ನು ಕಳುಹಿಸಿದೆ. ತಮ್ಮ ಪುಸ್ತಕದೊಂದಿಗೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಗುರುತಿಸಿ, ಸಹಿ ಮಾಡಿ ಒಂದು ಪ್ರತಿಯನ್ನು ಹಿಂದಿರುಗಿಸಬೇಕಾಗಿ ಕೋರಿಕೆ. ಬುಧವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ.”

ಹೋಲಿಸಿ ನೋಡಿದರೆ ಮೊದಲ ಕರಡಿನ ಒಂದು ಬೇಡಿಕೆಯೂ ಇಲ್ಲಿ ಸಡಿಲವಾಗಿಲ್ಲ. ಮೊತ್ತವಿದೆ, ದಿನಾಂಕವಿದೆ, ಹಣ ಬಾರದೆ ಹೊಸ ಮಾಲು ಹೊರಡದು ಎಂಬುದೂ ಇದೆ. ಆದರೆ ಅದು ಶಿಕ್ಷೆಯಾಗಿ ಬಂದಿಲ್ಲ, ಕಾರ್ಖಾನೆಯ ಕೆಲಸದ ಕ್ರಮವಾಗಿ ಬಂದಿದೆ. ಮಿಲ್ಲಿನ ಮುಂಗಡ ಎಂದರೇನು ಎಂಬುದನ್ನು ಹಿರಿಯರಿಗೆ ವಿವರಿಸಬೇಕಾಗಿಲ್ಲ. “ಪಾವತಿಸತಕ್ಕದ್ದು” ಎಂಬುದು ಸರ್ಕಾರಿ ಆದೇಶದ ಕ್ರಿಯಾಪದ. ಸಮಾನರ ನಡುವೆಯೂ ಅದು ಸಲ್ಲದು, ಹಿರಿಯರಿಗಂತೂ ಅಲ್ಲವೇ ಅಲ್ಲ. “ತಾವು” ಎಂದು ಆರಂಭಿಸಿದವರು ಕೊನೆಯವರೆಗೂ “ತಾವು” ಎಂದೇ ಬರೆಯಬೇಕು. ಸಿಟ್ಟಿನ ಸಾಲು ಬಂದಾಗ “ನೀವು” ನುಸುಳುವುದನ್ನು ಓದುವವರ ಕಣ್ಣು ತಪ್ಪದೆ ಹಿಡಿಯುತ್ತದೆ. ಮಗನು ಎದುರಿಗೆ ಅವರನ್ನು “ಕಾಕಾರೀ” ಎಂದು ಕರೆಯುತ್ತಿದ್ದನಾದರೂ ಪತ್ರದಲ್ಲಿ ಅದನ್ನು ಬಳಸಲಿಲ್ಲ. ಹಣ ಕೇಳುವ ಕಾಗದದಲ್ಲಿ ನೆಂಟಸ್ತಿಕೆಯ ಮಾತು ಬಂದರೆ ನೆಂಟಸ್ತಿಕೆಯನ್ನೇ ಅಡವಿಟ್ಟಂತೆ ಕಾಣುತ್ತದೆ. ಆ ಮಾತು ಬುಧವಾರದ ಫೋನಿಗೆ ಉಳಿಯಿತು.

ಮಕ್ಕಳಿಗೂ ಲೆಕ್ಕಪರಿಶೋಧಕರಿಗೂ ಹೋಗಬೇಕಿದ್ದ ಪ್ರತಿಗಳು ಹೋಗಲಿಲ್ಲ. ಸ್ವಂತ ಮಕ್ಕಳ ಎದುರು ಬಾಕಿದಾರರಾಗಿ ನಿಲ್ಲಿಸಿದ್ದನ್ನು ಹಿರಿಯರು ಬಡ್ಡಿಗಿಂತ ಹೆಚ್ಚು ಕಾಲ ನೆನಪಿಡುತ್ತಾರೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕಾಯಿದೆಯ ಗಡುವು ಮೀರಿ ಉಳಿಸಿಕೊಂಡ ಹಣವನ್ನು ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ಒಪ್ಪುವ ಆದಾಯ ತೆರಿಗೆಯ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದು ನಿಜ. ಆದರೆ ಅದನ್ನು ಅವರಿಗೆ ಅವರ ಲೆಕ್ಕಪರಿಶೋಧಕರೇ ಹೇಳುತ್ತಾರೆ. ಪೆಟ್ಟಿಗೆ ಮಾರುವವನು ಹೇಳಿದರೆ ಅದು ಬೆದರಿಕೆಯಾಗುತ್ತದೆ.

ಪತ್ರದ ಅತ್ಯಂತ ಬಲವಾದ ಸಾಲು ಅತ್ಯಂತ ಸೌಮ್ಯವಾದುದೇ: ಖಾತೆಯನ್ನು ತಾಳೆ ನೋಡಿ ಸಹಿ ಮಾಡಿಕೊಡಿ ಎಂಬುದು. ಬಾಕಿಯ ದಾವೆಗೆ ಇರುವ ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷಗಳು. ಆ ಅವಧಿ ಮುಗಿಯುವುದರೊಳಗೆ ಬಾಕಿದಾರರು ಸಹಿಮಾಡಿ ಬಾಕಿಯನ್ನು ಒಪ್ಪಿಕೊಂಡರೆ, 1963ರ ಕಾಲಮಿತಿ ಕಾಯಿದೆಯಂತೆ ಸಹಿಯ ದಿನದಿಂದ ಅವಧಿ ಹೊಸದಾಗಿ ಆರಂಭವಾಗುತ್ತದೆ. ಮೊತ್ತದ ವಿವಾದವೂ ಅಲ್ಲಿಗೆ ಮುಗಿಯುತ್ತದೆ. “ಮುಂದಿನ ಕ್ರಮ ಜರುಗಿಸಲಾಗುವುದು” ಎಂಬ ಮಾತಿನಿಂದ ಇದರಲ್ಲಿ ಒಂದೂ ದೊರೆಯುವುದಿಲ್ಲ. ಬಡ್ಡಿಯ ವಿಷಯದಲ್ಲಿ ಪತ್ರ ಮೌನವಾಗಿದೆ; ಕೇಳಿಯೂ ಇಲ್ಲ, ಬಿಟ್ಟೆವೆಂದೂ ಬರೆದಿಲ್ಲ.

ಎಲ್ಲ ಬಾಕಿದಾರರಿಗೂ ಇದೇ ಪತ್ರ ನಡೆಯುತ್ತದೆಂದು ಭಾವಿಸಬಾರದು. ಫೋನನ್ನೂ ಎತ್ತದೆ, ಖಾತೆಗೆ ಸಹಿಯನ್ನೂ ಹಾಕದೆ, ಹೇಳಿದ ಎರಡನೆಯ ದಿನಾಂಕವನ್ನೂ ಮುರಿದವರಿಗೆ ವಯಸ್ಸಿನ ರಿಯಾಯಿತಿ ಇಲ್ಲ. ಉದ್ಯಮ್ ನೋಂದಣಿಯಿರುವ ಘಟಕವು ಆಗ ಸ್ಪೀಡ್ ಪೋಸ್ಟಿನಲ್ಲಿ ಕಾಯಿದೆಯ ಕಲಮುಗಳನ್ನು ಸರಿಯಾಗಿ ನಮೂದಿಸಿ ಬರೆಯಬೇಕು, ಅನಂತರ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಗೆ ಹೋಗಬೇಕು. ಆಗಲೂ ಮೊದಲ ಪತ್ರ ಸೌಮ್ಯವಾಗಿದ್ದುದರಿಂದ ನಷ್ಟವೇನೂ ಆಗುವುದಿಲ್ಲ, ಅದರಲ್ಲಿ ಮೊತ್ತ ಮತ್ತು ದಿನಾಂಕ ಇದ್ದರೆ.

ಹುಬ್ಬಳ್ಳಿಯ ಘಟಕಕ್ಕೆ ಖಾತೆಯ ಪ್ರತಿ ಎಂಟು ದಿನಗಳಲ್ಲಿ ಮರಳಿತು. ಹಿರಿಯರು 340 ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದು 360 ಎಂದು ತಿದ್ದಿ, ಪಕ್ಕದಲ್ಲಿಯೇ ಸಹಿ ಮಾಡಿದ್ದರು. ಇನ್ನೂ 440 ರೂಪಾಯಿಗೆ ಮತ್ತೊಂದು ಕ್ರೆಡಿಟ್ ನೋಟು ಹೋಯಿತು. ಮೊದಲ ಕಂತು ಅಕ್ಟೋಬರ್ 20ರ ಬದಲು 24ರಂದು ಬಂದಿತು, ಎರಡನೆಯದು ನವೆಂಬರ್ 12ರಂದು. ಘಟಕದಲ್ಲಿ ಈಗ ಗಾಡಿಯ ಚಾಲಕನ ಕೈಗೆ ಒಂದು ಪುಸ್ತಕ ಕೊಡಲಾಗಿದೆ. ಮಾಲಿನ ಬಗ್ಗೆ ಗಿರಾಕಿ ಹೇಳಿದ್ದನ್ನು ಅಲ್ಲಿಯೇ ಬರೆದು ಅವರ ಸಹಿ ಪಡೆದು ತರುತ್ತಾನೆ.